ಎಂಟರಲ್ಲಿ ಇದೆ

ಒಂದೇ ಚಿತ್ರಕ್ಕೆ ಎರಡು ಕರಡು. ಒಂದನ್ನು ಅಳುತ್ತಾ ಬರೆದಂತಿತ್ತು, ಇನ್ನೊಂದನ್ನು ಬೈಯುತ್ತಾ ಬರೆದಂತಿತ್ತು. ಎರಡೂ ಒಂದೇ ಬೆಳಿಗ್ಗೆ ಹೊಲಿಗೆಯಕ್ಕನ ಮೇಜಿನ ಮೇಲೆ ಬಂದು ಬಿದ್ದವು.

ಹೊಲಿಗೆಯಕ್ಕ ಬಟ್ಟೆ ಹೊಲಿಯುವವಳಲ್ಲ. ಒಂದು ಗುಂಡಿ ಕಿತ್ತುಹೋದರೂ ಪಕ್ಕದ ಮನೆಯವರನ್ನು ಹುಡುಕಿಕೊಂಡು ಹೋಗುವ ಹೆಂಗಸು. ಅಣ್ಣನ ವಿಡಿಯೋ ಸ್ಟುಡಿಯೋದಲ್ಲಿ ಹದಿನಾರು ವರ್ಷದಿಂದ ಸ್ಕ್ರಿಪ್ಟ್ ತಿದ್ದುತ್ತಿದ್ದಳು. ಯಾರು ಯಾರೋ ಬರೆದ ತುಂಡುಗಳನ್ನು ಒಬ್ಬರೇ ಬರೆದ ಹಾಗೆ ಕೂಡಿಸಿಕೊಡುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಅವಳು ಕೂಡಿಸಿದ ಕಡೆ ಹೊಲಿಗೆ ಕಾಣುವುದಿಲ್ಲ ಎಂದು ಅಣ್ಣ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅವಳು ಮೂಗು ಮುರಿದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗದೆ ಏನು, ಜೀವಮಾನದಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ ಹೊಗಳಿಕೆ.

ಚಿತ್ರ ಒಂದು ಪಶು ಆಹಾರ ಕಾರ್ಖಾನೆಯದು. ಅಲ್ಲಿ ಹಿಂಡಿ, ಹೊಟ್ಟು, ಜೋಳದ ನುಚ್ಚು ಎಲ್ಲ ಕಲಸುವ ದೊಡ್ಡ ಉಕ್ಕಿನ ತೊಟ್ಟಿಯಿದೆ. ವಾರಕ್ಕೊಮ್ಮೆ ಒಬ್ಬ ಆಳು ಅದರೊಳಗೆ ಇಳಿದು ಅಂಟಿದ್ದನ್ನೆಲ್ಲ ಕೆರೆದು ತೆಗೆಯಬೇಕು. ಆ ಕೆಲಸವನ್ನು ಪ್ರಾಣಕ್ಕೆ ಕುತ್ತಿಲ್ಲದೆ ಮಾಡುವುದು ಹೇಗೆ ಎಂದು ಹೊಸ ಕೆಲಸಗಾರರಿಗೆ ಕಲಿಸುವ ಏಳು ನಿಮಿಷದ ಚಿತ್ರ ಬೇಕಾಗಿತ್ತು.

ಹಳದಿ ಹಾಳೆಯ ಕರಡು ತಾತನದು. ತಾತ ಎಂದರೆ ಸ್ಟುಡಿಯೋದ ಹಳೆಯ ಬರಹಗಾರ, ಎಪ್ಪತ್ತರ ಹತ್ತಿರದ ಮನುಷ್ಯ. ಆರು ವರ್ಷದ ಹಿಂದೆ ಅದೇ ಕಾರ್ಖಾನೆಯಲ್ಲಿ ಮೂರು ಬೆರಳು ಕಳೆದುಕೊಂಡವನ ಮನೆಗೆ ಹೋಗಿ, ಎರಡು ದಿನ ಕೂತು ಕೇಳಿ, ಕಥೆಯ ಹಾಗೆ ಬರೆದಿದ್ದರು. ‘ಅವನು ಬೆಳಿಗ್ಗೆ ಏಳಕ್ಕೆ ಬಂದ. ಮಗಳಿಗೆ ಜ್ವರವಿತ್ತು. ತೊಟ್ಟಿಯ ಮುಚ್ಚಳ ತೆರೆದ.’ ಎಲ್ಲವೂ ಆಗಿ ಹೋದದ್ದು. ಮಾಡಬೇಕಾದ ಕ್ರಮವೂ ಹಾಗೇ, ಹಿರಿಯ ಕೆಲಸಗಾರನೊಬ್ಬ ಅದನ್ನು ಮಾಡಿ ತೋರಿಸಿದ, ಇವನು ನೋಡಿದ ಎಂಬ ಕಥೆಯಾಗಿತ್ತು.

ಬಿಳಿ ಹಾಳೆಯದು ಕಾರ್ಖಾನೆಯ ಸುರಕ್ಷತಾ ಅಧಿಕಾರಿ ತಾವೇ ಬರೆದದ್ದು. ‘ಕೆಲಸಗಾರನು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’ ಹತ್ತು ದೃಶ್ಯದಲ್ಲಿ ಇಪ್ಪತ್ತೆಂಟು ‘ತಕ್ಕದ್ದು’. ಹೊಲಿಗೆಯಕ್ಕ ಎಣಿಸಿ ನಕ್ಕಳು.

ತಾತನಿಗೂ ಅಧಿಕಾರಿಗೂ ಎಣ್ಣೆ ಸೀಗೆಕಾಯಿ. ಕಾರ್ಖಾನೆಯ ಮ್ಯಾನೇಜರ್ ಎರಡನ್ನೂ ಓದಿ, ಇದರ ಕಣ್ಣೀರೂ ಬೇಕು, ಅದರ ಶಿಸ್ತೂ ಬೇಕು ಅಂದುಬಿಟ್ಟಿದ್ದರು. ಅಣ್ಣ ಎರಡು ಕಟ್ಟನ್ನೂ ತಂದು ಮೇಜಿನ ಮೇಲೆ ಹಾಕಿದ.

“ಪುಟ್ಟಿ, ಎರಡನ್ನೂ ಒಂದು ಮಾಡು. ಇಬ್ಬರಿಗೂ ಬೇಜಾರಾಗಬಾರ್ದು.”

“ಮದುವೆ ಮಾಡಿಸೋದು ಇದಕ್ಕಿಂತ ಸುಲಭ ಕಣೋ,” ಅಂದಳು ಅವಳು.

ಅವಳ ಕೆಲಸಕ್ಕೊಂದು ಕ್ರಮವಿತ್ತು. ಎರಡು ಕರಡನ್ನೂ ಕತ್ತರಿಯಲ್ಲಿ ದೃಶ್ಯದ ಪ್ರಕಾರ ಕತ್ತರಿಸುವುದು. ಉದ್ದ ಮೇಜಿನ ಮೇಲೆ ಹಳದಿಯ ಮೂರರ ಪಕ್ಕದಲ್ಲಿ ಬಿಳಿಯ ಮೂರು, ನಾಲ್ಕರ ಪಕ್ಕದಲ್ಲಿ ನಾಲ್ಕು ಎಂದು ಜೋಡಿಸುವುದು. ಎರಡರಲ್ಲೂ ಇರುವುದನ್ನು ಒಂದರಿಂದ ತೆಗೆದು, ತೆಗೆದ ಚೀಟಿಯ ಅಂಚಿಗೆ ಅದು ಇನ್ನೆಲ್ಲಿದೆ ಎಂದು ಕೆಂಪು ಶಾಯಿಯಲ್ಲಿ ಬರೆದು ಲಕೋಟೆಗೆ ಹಾಕುವುದು. ಆಮೇಲೆ ಮೂರು ಸಲ ಓದುವುದು: ಒಮ್ಮೆ ಕಾಲಕ್ಕೆ, ಒಮ್ಮೆ ದನಿಗೆ, ಒಮ್ಮೆ ಪಟ್ಟಿಗೆ. ಪಟ್ಟಿ ಎಂದರೆ ಅವಳೇ ಗೆರೆ ಎಳೆದ ಒಂದು ಹಾಳೆ. ಪ್ರತಿ ದೃಶ್ಯದಲ್ಲಿ ಯಾರಿದ್ದಾರೆ, ಗಡಿಯಾರ ಎಷ್ಟು, ಕೈಯಲ್ಲಿ ಏನಿದೆ, ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ, ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂದು ಒಂದೊಂದು ಕಂಬಸಾಲು. ಹಿಂದಿನ ದೃಶ್ಯಕ್ಕೂ ಮುಂದಿನದಕ್ಕೂ ತಾಳೆ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ತಾಳೆ ತಪ್ಪುಗಳಿಗೇನೂ ಬರವಿರಲಿಲ್ಲ. ಹಳದಿಯಲ್ಲಿ ಇಬ್ಬರು ಕೆಲಸಗಾರರು, ಬಿಳಿಯಲ್ಲಿ ಒಬ್ಬ. ಹಳದಿಯಲ್ಲಿ ಬೀಗದ ಕೈ ಮೇಸ್ತ್ರಿಯ ಹತ್ತಿರ, ಬಿಳಿಯಲ್ಲಿ ಇಳಿಯುವವನ ಜೇಬಿನಲ್ಲಿ. ಬಿಳಿಯ ಐದರಲ್ಲಿ ಮುಚ್ಚಳ ತೆರೆದಿದ್ದ ಮಹಾಶಯ ಏಳರಲ್ಲಿ ಅದನ್ನೇ ಮತ್ತೆ ತೆರೆಯುತ್ತಿದ್ದ. ಅವಳು ಒಂದೊಂದನ್ನೇ ಹಿಡಿದು ಸರಿ ಮಾಡಿದಳು. ಬೀಗದ ಕೈ ಇಳಿಯುವವನ ಜೇಬಿನಲ್ಲೇ ಇರಬೇಕು ಎಂದು ಅಧಿಕಾರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು.

ಕಾಲಕ್ಕೆ ಅವಳು ಮಾಡಿದ ತೀರ್ಮಾನ ಇದು: ಬೆರಳು ಹೋದವನ ಕಥೆ ಮೊದಲ ಎರಡು ದೃಶ್ಯ ಮಾತ್ರ, ಅದು ಹಿಂದೆ ಆದದ್ದು, ಹಾಗೇ ಇರಲಿ. ಮೂರರಿಂದ ಮುಂದೆ ಕ್ರಮ ಶುರು, ಅದೆಲ್ಲ ಈಗ ನಡೆಯುತ್ತಿರುವುದು. ದನಿಗೆ, ತಾತನ ಅಳುವೂ ಬೇಡ, ಅಧಿಕಾರಿಯ ಬೈಗುಳವೂ ಬೇಡ. ‘ನಾವು’ ಅನ್ನೋಣ. ‘ಮೊದಲು ಮುಖ್ಯ ಸ್ವಿಚ್ ಆರಿಸುತ್ತೇವೆ. ನಮ್ಮ ಬೀಗ ಹಾಕುತ್ತೇವೆ. ಬೀಗದ ಕೈ ನಮ್ಮ ಜೇಬಿನಲ್ಲೇ.’ ಓದಿಕೊಂಡರೆ ಬಾಯಿಗೆ ತಾನಾಗಿ ಬರುತ್ತಿತ್ತು.

ಈಗ ಆ ಒಂದು ಮಾತಿಗೆ ಬರಬೇಕು. ಬಾರದೆ ವಿಧಿಯಿಲ್ಲ.

ಆ ತೊಟ್ಟಿಗೆ ಎರಡು ಮೋಟಾರು. ಮೇಲಿನದು ಅಲಗುಗಳನ್ನು ತಿರುಗಿಸುತ್ತದೆ, ಮುಖ್ಯ ಸ್ವಿಚ್ ಆರಿಸಿದರೆ ನಿಲ್ಲುವುದು ಅದೊಂದೇ. ತಳದಲ್ಲಿ ಇನ್ನೊಂದು, ಕಲಸಿದ್ದನ್ನು ಮೂಟೆ ತುಂಬುವ ಕಡೆಗೆ ತಳ್ಳುವ ಉದ್ದನೆಯ ತಿರುಪು. ಅದಕ್ಕೆ ಬೇರೆ ಸ್ವಿಚ್ಚು, ಹಿಂದಿನ ಗೋಡೆಯಲ್ಲಿ, ಮೂಟೆ ತುಂಬುವವರ ಕೈಗೆ ಸಿಗುವ ಹಾಗೆ. ಇಳಿಯುವ ಮುಂಚೆ ಅದನ್ನೂ ಆರಿಸಿ ಅದಕ್ಕೂ ಬೀಗ ಹಾಕಬೇಕು.

ಎರಡು ಕರಡಿನಲ್ಲೂ ಇದು ಇತ್ತು. ತಾತನ ಮೂರನೇ ದೃಶ್ಯದಲ್ಲಿ ಹಿರಿಯ ಕೆಲಸಗಾರ ‘ಹಿಂದಿನ ಗೋಡೆಗೆ ಹೋದ, ತಳದ ತಿರುಪಿನ ಸ್ವಿಚ್ಚನ್ನೂ ಆರಿಸಿ ಬೀಗ ಜಡಿದ, ಅವನ ಕೆಮ್ಮು ಅಲ್ಲಿಂದಲೇ ಕೇಳುತ್ತಿತ್ತು’ ಎಂಬ ವಾಕ್ಯ. ಶುಕ್ರವಾರ ಮಧ್ಯಾಹ್ನ ಅವಳು ಅದನ್ನು ಈಗಿನ ಕಾಲಕ್ಕೆ ತರಲು ನೋಡಿದಳು. ಕೆಮ್ಮು ಅಡ್ಡ ಬರುತ್ತಿತ್ತು. ಬಿಳಿಯ ಎಂಟರಲ್ಲಿ ಅದೇ ಮಾತು ನೇರವಾಗಿ, ಕೆಮ್ಮಿಲ್ಲದೆ ಇತ್ತು. ಅದನ್ನೇ ಇಟ್ಟುಕೊಳ್ಳೋಣ ಎಂದು ಹಳದಿಯ ವಾಕ್ಯ ಕತ್ತರಿಸಿ, ಅಂಚಿಗೆ ‘ಎಂಟರಲ್ಲಿ ಇದೆ’ ಎಂದು ಬರೆದು ಲಕೋಟೆಗೆ ಹಾಕಿದಳು. ಐದನೇ ದೃಶ್ಯದವರೆಗೆ ಶುದ್ಧಪ್ರತಿ ಮಾಡಿ ಮನೆಗೆ ಹೋದಳು.

ಸೋಮವಾರ ಆರನೇ ದೃಶ್ಯದಿಂದ ಶುರು ಮಾಡಿದಳು. ಎಂಟಕ್ಕೆ ಬಂದಾಗ ಪಟ್ಟಿ ಕೂಗಿತು. ಅಧಿಕಾರಿ ಯಂತ್ರದ ಭಾಗಗಳ ಪ್ರಕಾರ ಬರೆದಿದ್ದರು, ಮೇಲಿನದು ಮುಗಿಸಿ ಕೆಳಗಿನದು. ಆದರೆ ಕೂಡಿಸಿದ ಕಥೆಯಲ್ಲಿ ಎಂಟರ ಹೊತ್ತಿಗೆ ಮುಚ್ಚಳ ತೆರೆದು ಮನುಷ್ಯ ಒಳಗೆ ಇಳಿದಾಗಿತ್ತು. ಒಳಗಿರುವವನು ಹಿಂದಿನ ಗೋಡೆಗೆ ಹೋಗಿ ಸ್ವಿಚ್ ಆರಿಸುವುದೆಂತು? ‘ಇದು ಇಲ್ಲಿರಬಾರದು, ಇಳಿಯುವ ಮುಂಚೆ ಬರಬೇಕು’ ಎಂದುಕೊಂಡಳು. ಮುಂಚೆ ಎಂದರೆ ಮೂರು. ಮೂರು ಎಂದ ತಕ್ಷಣ ತಾತನ ವಾಕ್ಯ ಕೆಮ್ಮಿನ ಸಮೇತ ನೆನಪಿಗೆ ಬಂತು. ಸರಿ, ಅಲ್ಲಿದೆಯಲ್ಲ! ಬಿಳಿಯ ವಾಕ್ಯ ಕತ್ತರಿಸಿ, ‘ಮೂರರಲ್ಲಿ ಇದೆ’ ಎಂದು ಬರೆದು ಅದೇ ಲಕೋಟೆಗೆ ಹಾಕಿದಳು.

ಶುದ್ಧಪ್ರತಿಯ ಮೂರನ್ನು ತಿರುವಿ ನೋಡಿದ್ದರೆ ಸಾಕಿತ್ತು, ಅರ್ಧ ನಿಮಿಷ. ನೋಡಲಿಲ್ಲ. ನೆನಪು ಅಷ್ಟು ಖಚಿತವಾಗಿತ್ತು. ಪಟ್ಟಿಯಲ್ಲೂ ಯಂತ್ರಕ್ಕೆ ಒಂದೇ ಕಂಬಸಾಲು. ಮೂರರಿಂದ ಹತ್ತರವರೆಗೆ ‘ನಿಂತಿದೆ, ನಿಂತಿದೆ’ ಎಂದು ಅವಳದೇ ಅಕ್ಷರ. ಎರಡು ಮೋಟಾರಿಗೆ ಎರಡು ಸಾಲು ಬೇಕು ಎಂದು ಅವಳಿಗೆ ಹೊಳೆದಿರಲಿಲ್ಲ.

ಆಮೇಲೆ ಮೂವರು ಓದಿದರು. ತಾತ ತಮ್ಮ ಬೆರಳಿಲ್ಲದ ಮನುಷ್ಯ ಉಳಿದಿದ್ದಾನೋ ಇಲ್ಲವೋ ನೋಡಿದರು. ಅಧಿಕಾರಿ ‘ತಕ್ಕದ್ದು’ ಎಲ್ಲ ಹೋಗಿದ್ದಕ್ಕೆ ಮುಖ ಗಂಟು ಹಾಕಿಕೊಂಡರು, ಕೊನೆಗೆ ಎರಡು ‘ಕಡ್ಡಾಯ’ ಹಾಕಿಸಿಕೊಂಡು ಸಮಾಧಾನವಾದರು. ಅಣ್ಣ ಗಡಿಯಾರ ಹಿಡಿದು ಓದಿಸಿದ, ಆರು ನಿಮಿಷ ಐವತ್ತು ಸೆಕೆಂಡು. ಎಲ್ಲೂ ತಡವರಿಸಲಿಲ್ಲ. ಹೊಲಿಗೆ ಒರಟಾಗಿದ್ದರೆ ಯಾರಾದರೂ ಎಡವಿ ನಿಂತು, ಇಲ್ಲೇನೋ ಹೋಗಿದೆ ಅನ್ನುತ್ತಿದ್ದರು. ಅದು ಅವಳು ಈವರೆಗೆ ಮಾಡಿದ ಅತ್ಯಂತ ನಯವಾದ ಹೊಲಿಗೆಯಾಗಿತ್ತು.

ದನಿಯೂ ಅವಳದೇ. ಗೊತ್ತುಮಾಡಿದ್ದ ಹುಡುಗಿಗೆ ಗಂಟಲು ಕಟ್ಟಿತ್ತು. ನೀನೇ ಓದಿಬಿಡು ಪುಟ್ಟಿ, ಅಂದ ಅಣ್ಣ. ಓದಿದಳು.

ಚಿತ್ರ ಕಾರ್ಖಾನೆಗೆ ಹೋದ ಐದನೇ ತಿಂಗಳು, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿಯ ಫೋನು ಬಂತು.

“ಮೇಡಂ, ಒಬ್ಬ ಹೋಗ್ಬಿಟ್ಟ. ತೊಟ್ಟಿ ಒಳಗೆ. ತಳದ ತಿರುಪು ಶುರುವಾಗಿದೆ. ಮೂಟೆ ಕಡೆಯವನಿಗೆ ಒಳಗೆ ಜನ ಇರೋದು ಗೊತ್ತಿಲ್ಲ. ಹಿಂದಿನ ಸ್ವಿಚ್ ಆರಿಸಿಲ್ಲ ಇವನು. ನಮ್ಮ ಫಿಲ್ಮಲ್ಲಿ ಇದೆ ಅಲ್ವಾ ಅದು? ಸ್ಪಷ್ಟವಾಗಿ ಇದೆ ಅಲ್ವಾ?”

“ಇದೆ ಸರ್,” ಅಂದಳು ಅವಳು. “ಮೂರರಲ್ಲಿ ಇದೆ.”

ಫೋನ್ ಇಟ್ಟು, ಸುಮ್ಮನೆ ಒಮ್ಮೆ ನೋಡೋಣ ಎಂದು ಸ್ಕ್ರಿಪ್ಟ್ ತೆಗೆದಳು. ಮೂರರಲ್ಲಿ ಇರಲಿಲ್ಲ. ಎಂಟು ತೆಗೆದಳು. ಅಲ್ಲೂ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ಕಪಾಟಿನಿಂದ ಲಕೋಟೆ ತೆಗೆದು ಚೀಟಿಗಳನ್ನು ಮೇಜಿನ ಮೇಲೆ ಸುರಿದಳು. ಹಳದಿ ಚೀಟಿ ‘ಎಂಟರಲ್ಲಿ ಇದೆ’ ಅನ್ನುತ್ತಿತ್ತು, ಬಿಳಿ ಚೀಟಿ ‘ಮೂರರಲ್ಲಿ ಇದೆ’ ಅನ್ನುತ್ತಿತ್ತು. ಎರಡೂ ಅವಳ ಕೈಬರಹವೇ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಅಣ್ಣನನ್ನು ಕೂಗಿದಳು.

ಸತ್ತವನಿಗೆ ಇಪ್ಪತ್ತೊಂಬತ್ತು ವರ್ಷ. ಕೆಲಸಕ್ಕೆ ಸೇರಿ ಏಳು ವಾರವಾಗಿತ್ತು. ಮುಖ್ಯ ಸ್ವಿಚ್ಚಿಗೆ ಅವನ ಬೀಗ ಹಾಕಿಯೇ ಇತ್ತು, ಎಚ್ಚರಿಕೆಯ ಚೀಟಿ ತೂಗುತ್ತಿತ್ತು, ಬೀಗದ ಕೈ ಅವನ ಜೇಬಿನಲ್ಲಿ ಸಿಕ್ಕಿತು. ಇದನ್ನೆಲ್ಲ ಹೇಳಿದವರು ಅಧಿಕಾರಿಯೇ. ಗುರುವಾರ ಸ್ಟುಡಿಯೋಗೆ ಬಂದು ಅಣ್ಣನ ಎದುರು ಕೂತಿದ್ದರು. ಅಷ್ಟು ಹೊತ್ತಿಗೆ ಅವರೂ ಚಿತ್ರ ನೋಡಿದ್ದರು. ಎರಡು ದಿನದಲ್ಲಿ ಮನುಷ್ಯ ಅರ್ಧಕ್ಕೆ ಇಳಿದಿದ್ದರು.

“ಮುಂಚೆ ಹೊಸಬ್ರು ಬಂದ್ರೆ ನಾನೇ ಕೈ ಹಿಡ್ಕೊಂಡು ಯಂತ್ರದ ಸುತ್ತ ಕರ್ಕೊಂಡು ಹೋಗ್ತಿದ್ದೆ,” ಅಂದರು. “ಹಿಂದಿನ ಗೋಡೆ ಮುಟ್ಟಿಸಿ ತೋರಿಸ್ತಿದ್ದೆ. ಫಿಲ್ಮ್ ಬಂದ್ಮೇಲೆ ಬಿಟ್ಟೆ. ಅದರಲ್ಲಿ ಎಲ್ಲಾ ಇದೆ ಅಂತ...”

ಆಮೇಲೆ ಬಂದ ಕೆಲಸ ಹೇಳಿದರು. ಮುಂದಿನ ವಾರ ವಿಚಾರಣೆ. ವಿಚಾರಣಾಧಿಕಾರಿ ತರಬೇತಿಯ ಚಿತ್ರ ತೋರಿಸಿ ಅಂದಿದ್ದಾರೆ. ಆ ಒಂದು ಮಾತು, ಒಂದು ಶಾಟ್, ಮೂರರಲ್ಲಿ ಸೇರಿಸಿಕೊಡಬೇಕು.

“ಇಲ್ಲದ್ದನ್ನ ಸೇರಿಸ್ತಿಲ್ಲ ಮೇಡಂ. ನನ್ನ ಕರಡಲ್ಲಿತ್ತು, ತಾತನ ಕರಡಲ್ಲಿತ್ತು. ಇದ್ದದ್ದನ್ನ ವಾಪಸ್ ಜಾಗಕ್ಕೆ ಇಡ್ತಿದ್ದೀವಿ ಅಷ್ಟೇ.”

“ಅದು ಗೊತ್ತಿಲ್ದೆ ಸತ್ತೋದ್ನಲ್ಲ ಸರ್ ಅವನು,” ಅಂದಳು ಹೊಲಿಗೆಯಕ್ಕ.

“ಹೋದವನು ವಾಪಸ್ ಬರ್ತಾನಾ?” ಅಂದ ಅಣ್ಣ. “ಇದು ಹೊರಗೆ ಬಂದ್ರೆ ಸ್ಟುಡಿಯೋ ಬಾಗಿಲು ಹಾಕ್ಬೇಕು. ಜೈಲಿಗೆ ಹಾಕಿದ್ರೂ ಹಾಕ್ಬಹುದು. ನಿನ್ನನ್ನ ಪುಟ್ಟಿ, ನನ್ನನ್ನಲ್ಲ. ಅದನ್ನ ನಾನು ನೋಡ್ಕೊಂಡು ಇರ್ಬೇಕಾ?”

ತಾತ ಮೂಲೆಯ ಕುರ್ಚಿಯಲ್ಲಿ ಎರಡು ಚೀಟಿಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈಗ ತಲೆ ಎತ್ತಿದರು.

“ಮೂರು ಸಲ ಓದಿದ್ದೀನಿ ಕಣಮ್ಮ ನಾನು. ನನ್ನ ವಾಕ್ಯ ಇಲ್ಲ ಅಂತ ನನಗೇ ಗೊತ್ತಾಗ್ಲಿಲ್ಲ. ಅಷ್ಟು ಚೆನ್ನಾಗಿ ಕೂಡಿಸಿದ್ದೀಯ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ತಾತ ಚೀಟಿಗಳನ್ನು ಅವಳ ಕೈಗೆ ಕೊಟ್ಟು ಕೊಡೆ ತೆಗೆದುಕೊಂಡು ಹೊರಟರು. ಮತ್ತೆ ಸ್ಟುಡಿಯೋ ಕಡೆಗೆ ಬರಲಿಲ್ಲ.

ಸೇರಿಸಿಕೊಡಲು ಅವಳು ಒಪ್ಪಿಕೊಂಡಳು. ಅದನ್ನು ಮರೆಮಾಚಿ ಅವಳನ್ನು ದೊಡ್ಡವಳನ್ನಾಗಿ ಮಾಡುವ ಆಸೆ ನನಗಿಲ್ಲ. ಅಣ್ಣನ ಮುಖ ನೋಡಿ ಒಪ್ಪಿಕೊಂಡಳು, ಹೆದರಿ ಒಪ್ಪಿಕೊಂಡಳು. ಮೈಕಿನ ಮುಂದೆ ಕೂತು, ಐದು ತಿಂಗಳ ಹಿಂದಿನ ಅದೇ ಇಳಿದನಿ, ಅದೇ ನಿಧಾನ ತಂದುಕೊಂಡು ಓದಿದಳು: ‘ಹಿಂದಿನ ಗೋಡೆಗೆ ಹೋಗಿ ತಿರುಪಿನ ಸ್ವಿಚ್ಚನ್ನೂ ಆರಿಸುತ್ತೇವೆ. ಅದಕ್ಕೂ ನಮ್ಮ ಬೀಗ ಹಾಕುತ್ತೇವೆ.’ ಒಂದೇ ಸಲಕ್ಕೆ ಸರಿ ಬಂತು. ಶಾಟನ್ನು ಅಧಿಕಾರಿಯೇ ಕಾರ್ಖಾನೆಯಲ್ಲಿ ತೆಗೆಸಿ ಕಳಿಸಿದರು. ಕೈಯೊಂದು ಬಂದು ಗೋಡೆಯ ಸ್ವಿಚ್ ತಿರುಗಿಸಿ ಬೀಗ ಹಾಕುತ್ತದೆ, ಒಟ್ಟು ಆರು ಸೆಕೆಂಡು.

ಸೇರಿಸುವಾಗ ಅವಳ ಕಣ್ಣಿಗೆ ಬಿತ್ತು. ಹಳೆಯ ಚಿತ್ರದಲ್ಲಿ ಕೆಲಸಗಾರನ ಕೈಗವಸು ಹಸಿರು. ಹೊಸ ಶಾಟಿನಲ್ಲಿ ನೀಲಿ. ನಡುವೆ ಕಾರ್ಖಾನೆಯವರು ಬೇರೆ ಕೈಗವಸು ತರಿಸಿದ್ದರು. ಮುಖ್ಯ ಸ್ವಿಚ್ ಆರಿಸುವ ಕೈ ಹಸಿರು, ಹಿಂದಿನ ಸ್ವಿಚ್ ಆರಿಸುವ ಕೈ ನೀಲಿ, ಮುಚ್ಚಳ ತೆರೆಯುವ ಕೈ ಮತ್ತೆ ಹಸಿರು. ಇಂಥದ್ದನ್ನು ಹಿಡಿಯುವುದಕ್ಕೆಂದೇ ಅವಳಿಗೆ ಸಂಬಳ. ಬಾಯಿ ಬಿಟ್ಟು ಹೇಳಿದ್ದರೆ ಬಣ್ಣ ತಿದ್ದುವುದು ಹತ್ತು ನಿಮಿಷದ ಕೆಲಸ.

ಅವಳು ಹೇಳಲಿಲ್ಲ. ಅದೊಂದು ತಪ್ಪನ್ನು ಹಾಗೇ ಬಿಟ್ಟಳು. ಯಾರಾದರೂ ಕಣ್ಣಿದ್ದವರು ನೋಡಲಿ, ಯಾಕೆ ನೀಲಿ ಎಂದು ಕೇಳಲಿ, ಆಗ ಎಲ್ಲ ತಾನಾಗಿಯೇ ಬಿಚ್ಚಿಕೊಳ್ಳಲಿ, ನಾನಾಗಿ ಬಾಯಿ ಬಿಡುವುದು ತಪ್ಪಲಿ ಎಂಬ ಹೇಡಿ ಆಸೆ. ಆ ಆಸೆಯನ್ನು ಕಟ್ಟಿಕೊಂಡು ಒಂದು ವಾರ ಉಂಡಳು, ಮಲಗಿದಳು, ಅತ್ತಿಗೆಯ ಜೊತೆ ತರಕಾರಿ ಹೆಚ್ಚಿದಳು.

ವಿಚಾರಣೆ ಕಾರ್ಖಾನೆಯ ತರಬೇತಿ ಕೋಣೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಗೋಡೆಯ ಮೇಲೆ ಪರದೆ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಹೊಟ್ಟಿನ ಧೂಳಿನ ವಾಸನೆ. ವಿಚಾರಣಾಧಿಕಾರಿ ಓದುವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡ ಸಾವಧಾನದ ಮನುಷ್ಯ. ಮುಂದಿನ ಸಾಲಿನಲ್ಲಿ ಸತ್ತವನ ಹೆಂಡತಿ, ಪಕ್ಕದಲ್ಲಿ ಅವನ ತಾಯಿ. ಸ್ಕ್ರಿಪ್ಟ್ ಮಾಡಿದವಳು ಎಂದು ಹೊಲಿಗೆಯಕ್ಕನನ್ನೂ ಕರೆಸಿದ್ದರು. ಅಣ್ಣನ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದಳು.

“ನಿಮ್ಮ ಯಜಮಾನರಿಗೆ ಕೆಲಸದ ಕ್ರಮ ಗೊತ್ತಿತ್ತೇನಮ್ಮ?” ಎಂದು ವಿಚಾರಣಾಧಿಕಾರಿ ಕೇಳಿದರು.

“ಗೊತ್ತಿತ್ತು ಸರ್,” ಅಂದಳು ಆ ಹೆಂಗಸು. “ಅವರಿಗೆ ಓದೋಕೆ ಬರ್ತಿರ್ಲಿಲ್ಲ. ಅದಕ್ಕೇ ಫಿಲ್ಮನ್ನ ನಾಲ್ಕೈದು ಸಲ ನೋಡಿ ಬಾಯಿಪಾಠ ಮಾಡಿದ್ರು. ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು ನನ್ನ ಮುಂದೆ ಒಪ್ಪಿಸ್ತಿದ್ರು. ತಪ್ಪಿದ್ರೆ ಹೇಳು ಅಂತಿದ್ರು. ಕೇಳಿ ಕೇಳಿ ನನಗೂ ಬರುತ್ತೆ.”

“ಹೇಳಿ ನೋಡೋಣ.”

ಅವಳು ಎದ್ದು ನಿಂತಳು. ಶಾಲೆಯ ಮಗುವಿನಂತೆ ಕೈಕಟ್ಟಿಕೊಂಡಳು.

“ಮೊದಲು ಮುಖ್ಯ ಸ್ವಿಚ್ ಆರಿಸುತ್ತೇವೆ. ನಮ್ಮ ಬೀಗ ಹಾಕುತ್ತೇವೆ. ಬೀಗದ ಕೈ ನಮ್ಮ ಜೇಬಿನಲ್ಲೇ. ಎಚ್ಚರಿಕೆಯ ಚೀಟಿ ತೂಗಿಹಾಕುತ್ತೇವೆ. ಬಟನ್ ಒತ್ತಿ ನೋಡುತ್ತೇವೆ, ಯಂತ್ರ ಅಲುಗುವುದಿಲ್ಲ. ಅಲಗು ಪೂರ್ತಿ ನಿಂತಿದೆ ಎಂದು ಕಣ್ಣಿನಿಂದ ನೋಡುತ್ತೇವೆ. ಆಮೇಲೇ ಮುಚ್ಚಳ ತೆರೆಯುತ್ತೇವೆ...”

ಮೈಕಿನ ಮುಂದೆ ಹೊಲಿಗೆಯಕ್ಕ ನಿಲ್ಲಿಸಿದ ಕಡೆಯಲ್ಲೇ ಆ ಹೆಂಗಸು ನಿಲ್ಲಿಸುತ್ತಿದ್ದಳು. ಅವಳು ಏರಿಸಿದ ಕಡೆಯಲ್ಲೇ ದನಿ ಏರುತ್ತಿತ್ತು. ಎಂದೂ ಕಾಣದ ಒಬ್ಬ ಮನುಷ್ಯ ಅವಳ ಮಾತನ್ನು ಉಸಿರು ಸಮೇತ ಕಲಿತು ಮನೆಗೆ ಒಯ್ದಿದ್ದ.

ಆಮೇಲೆ ದೀಪ ಆರಿಸಿ ಚಿತ್ರ ಹಾಕಿದರು. ಮೂರನೇ ದೃಶ್ಯ ಬಂತು. ಹಸಿರು ಕೈ ಮುಖ್ಯ ಸ್ವಿಚ್ ಆರಿಸಿತು. ನೀಲಿ ಕೈ ಬಂದು ಹಿಂದಿನ ಸ್ವಿಚ್ ಆರಿಸಿತು. ಹೊಲಿಗೆಯಕ್ಕ ವಿಚಾರಣಾಧಿಕಾರಿಯ ಮುಖವನ್ನೇ ನೋಡುತ್ತಿದ್ದಳು. ಕೇಳಿ, ಕೇಳಿಬಿಡಿ ಸ್ವಾಮಿ, ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಅವರು ಏನೋ ಬರೆದುಕೊಂಡರು. ಹಸಿರು ಕೈ ಮುಚ್ಚಳ ತೆರೆಯಿತು. ಚಿತ್ರ ಮುಗಿಯಿತು, ದೀಪ ಬಂತು. ಕೈಗವಸನ್ನು ಯಾರೂ ನೋಡಿರಲಿಲ್ಲ.

“ನೀವು ಹೇಳಿದ್ದರಲ್ಲಿ ಹಿಂದಿನ ಗೋಡೆಯ ಸ್ವಿಚ್ ಬರಲಿಲ್ಲ,” ಅಂದರು ವಿಚಾರಣಾಧಿಕಾರಿ ಮೆಲ್ಲಗೆ. “ಇಲ್ಲಿ ಇದೆ.”

ಆ ಹೆಂಗಸು ಪರದೆಯನ್ನೇ ನೋಡುತ್ತಾ ನಿಂತಿದ್ದಳು. ತುಟಿ ಅಲುಗುತ್ತಿತ್ತು, ಮೊದಲಿಂದ ಮತ್ತೆ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ಸೋತಳು.

“ಇದನ್ನ ಅವರು ಹೇಳ್ತಿರ್ಲಿಲ್ಲ ಸರ್. ನಂಗೆ ಗೊತ್ತಿದ್ರೆ ತಿದ್ತಿದ್ದೆ.” ಅತ್ತೆಯ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು. “ಅತ್ತೆ, ಅವರೇ ಮರ್ತಿದ್ದಾರೆ. ಫಿಲ್ಮಲ್ಲಿ ಇದೆಯಂತೆ.”

ಮುದುಕಿ ಹಣೆ ಹಣೆ ಬಡಿದುಕೊಂಡಳು. “ಚಿಕ್ಕಂದಿನಿಂದ್ಲೂ ಹಂಗೇ ಕಣೇ ಅವನು. ನಾಲ್ಕು ಹೇಳಿದ್ರೆ ಒಂದು ಮರೀತಿದ್ದ. ಎಷ್ಟು ಬೈದಿದ್ದೀನಿ, ಎಷ್ಟು ಹೊಡ್ದಿದ್ದೀನಿ...” ಆಮೇಲೆ, ಎದುರಿಗಿದ್ದ ಸುರಕ್ಷತಾ ಅಧಿಕಾರಿಗೆ ಕೈಮುಗಿದಳು. “ತಪ್ಪಾಯ್ತು ಸ್ವಾಮಿ. ನಮ್ ಹುಡುಗನಿಂದ ನಿಮಗೆಲ್ಲ ತೊಂದ್ರೆ.”

ಅಧಿಕಾರಿ ತಲೆ ತಗ್ಗಿಸಿ ನೆಲ ನೋಡಿದರು.

ಹೊಲಿಗೆಯಕ್ಕ ಎದ್ದಳು. ಅಣ್ಣ ಅವಳ ಸೆರಗು ಹಿಡಿದು ಎಳೆದ. “ಪುಟ್ಟಿ, ಕೂತ್ಕೋ,” ಎಂದು ಪಿಸುಗುಟ್ಟಿದ. ಅವಳು ಸೆರಗು ಬಿಡಿಸಿಕೊಂಡು ಮುಂದೆ ಹೋದಳು. ಬ್ಯಾಗಿನಿಂದ ಎರಡು ಚೀಟಿ ತೆಗೆದು ವಿಚಾರಣಾಧಿಕಾರಿಯ ಮೇಜಿನ ಮೇಲಿಟ್ಟಳು. ಹೇಳಿದಳು: ಎರಡು ಕರಡು ಇದ್ದದ್ದು, ಎರಡರಲ್ಲೂ ಆ ಮಾತು ಇದ್ದದ್ದು, ಶುಕ್ರವಾರ ಒಂದನ್ನು ಸೋಮವಾರ ಇನ್ನೊಂದನ್ನು ತಾನೇ ಕತ್ತರಿಸಿದ್ದು, ಈಗ ನೋಡಿದ ಆರು ಸೆಕೆಂಡು ಅವನು ಸತ್ತ ಮೇಲೆ ಸೇರಿಸಿದ್ದು. ಬೇಕಾದರೆ ಕೈಗವಸಿನ ಬಣ್ಣ ನೋಡಿ ಎಂದಳು. ವಿಚಾರಣಾಧಿಕಾರಿ ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಚೀಟಿಗಳನ್ನು ಓದಿದರು. ಹಿಂದಿನ ಸಾಲಿನಲ್ಲಿ ಅಣ್ಣ ಮುಖ ಮುಚ್ಚಿಕೊಂಡಿದ್ದ.

ಹೆಂಡತಿ ಅವಳನ್ನೇ ದಿಟ್ಟಿಸುತ್ತಿದ್ದಳು.

“ಆ ದನಿ ನಿಮ್ಮದಾ?”

“ಹೌದು.”

“ಹಂಗಾದ್ರೆ ಅವರು ಏನೂ ಬಿಟ್ಟಿರ್ಲಿಲ್ಲ.”

“ಒಂದಕ್ಷರ ಬಿಟ್ಟಿರ್ಲಿಲ್ಲ ಕಣಮ್ಮ.”

ಬೈಯುತ್ತಾಳೆ, ಬಂದು ಹೊಡೆಯುತ್ತಾಳೆ ಎಂದು ಹೊಲಿಗೆಯಕ್ಕ ಕಾದಳು. ಹಾಗಾದರೂ ಆಗಲಿ ಎಂದಿತ್ತು ಅವಳ ಮನಸ್ಸು. ಹೆಂಗಸು ಎರಡನ್ನೂ ಮಾಡಲಿಲ್ಲ. ಅತ್ತೆಯ ಕಡೆಗೆ ಕೈ ತೋರಿಸಿದಳು.

“ಅವರಿಗೆ ಕಿವಿ ಸರಿಯಾಗಿ ಕೇಳಲ್ಲ. ನೀವು ಹೇಳಿದ್ದು ಅರ್ಥ ಆಗಿರಲ್ಲ. ನೀವೇ ಹತ್ರ ಹೋಗಿ ಹೇಳಿ.”

ಹೊಲಿಗೆಯಕ್ಕ ಮುದುಕಿಯ ಮುಂದೆ ನೆಲಕ್ಕೆ ಮಂಡಿಯೂರಿ ಕೂತಳು. ಕಿವಿಯ ಹತ್ತಿರ ಬಾಯಿ ತಂದಳು. ಮೈಕಿಗೆ ಓದುವ ದನಿ ಬರಬಾರದು ಎಂದು ಗಂಟಲು ಸರಿಮಾಡಿಕೊಂಡಳು, ಆದರೂ ಅದೇ ಬಂತು.

“ಅಜ್ಜಿ, ನಿಮ್ಮ ಮಗ ಏನೂ ಮರೀಲಿಲ್ಲ.”

ಮುದುಕಿ ಅವಳ ಮುಖ ನೋಡಿದಳು. “ಎಲ್ಲಾ ಮಾಡಿದ್ನಾ? ಹೇಳಿದ್ದೆಲ್ಲಾ?”

“ಎಲ್ಲಾ ಮಾಡಿದ್ದ. ಹೇಳಿದ್ದನ್ನೆಲ್ಲಾ ಸರಿಯಾಗಿ ಮಾಡಿದ್ದ.”

ಮುದುಕಿಯ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿದಂತಾಯಿತು, ಮಗ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಬಂದಂತೆ. ಮರುಕ್ಷಣವೇ ಅದು ಆರಿತು. ಹೊಲಿಗೆಯಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮತ್ತೆ ಯಾಕಮ್ಮ ಸತ್ತ?”